ಬ್ರ್ಯಾಂಡ್ ಹೆಸರು ಗ್ರಾಹಕರ ನೆನಪಿನಲ್ಲಿದೆಯೇ? ಸಣ್ಣ ಉದ್ಯಮಗಳಿಗೆ ಮಿತವ್ಯಯದ ಕಿರು ಸಮೀಕ್ಷೆ

ದಾವಣಗೆರೆಯಲ್ಲಿ ಸಾಂಬಾರ್ ಪುಡಿ, ರಸಂ ಪುಡಿ ಮತ್ತು ಖಾರದ ಪುಡಿ ತಯಾರಿಸುವ ಒಂದು ಸಣ್ಣ ಘಟಕವಿದೆ ಎಂದು ಭಾವಿಸೋಣ. ಜುಲೈಯಿಂದ ಅಕ್ಟೋಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಈ ಘಟಕವು ಆಟೋರಿಕ್ಷಾಗಳ ಹಿಂಬದಿಯ ಫಲಕ, ಗೋಡೆ ಬರಹ ಹಾಗೂ ಸ್ಥಳೀಯ ಕೇಬಲ್ ವಾಹಿನಿಯ ಜಾಹೀರಾತಿಗೆ 5 ಲಕ್ಷ ರೂಪಾಯಿ ವೆಚ್ಚ ಮಾಡಿದೆ. ಹಣ ಬಂದದ್ದು ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆಯಿಂದ. ಅದಕ್ಕೆ ತಿಂಗಳು ತಿಂಗಳೂ ಬಡ್ಡಿ ಬೀಳುತ್ತಿದೆ. ಮುಂದಿನ ವರ್ಷವೂ ಅಷ್ಟೇ ಮೊತ್ತವನ್ನು ಜಾಹೀರಾತಿಗೆ ತೊಡಗಿಸಬೇಕೇ, ಬೇಡವೇ ಎಂಬುದನ್ನು ಮಾಲೀಕರು ನಿರ್ಧರಿಸಬೇಕಾಗಿದೆ. ವಿಧಾನ ಸ್ಪಷ್ಟವಾಗಲೆಂದು ಈ ಘಟಕವನ್ನೂ ಅದರ ಅಂಕಿಗಳನ್ನೂ ದೃಷ್ಟಾಂತವಾಗಿ ಇಲ್ಲಿ ಕಲ್ಪಿಸಿಕೊಳ್ಳಲಾಗಿದೆ.

ಲೆಕ್ಕಪುಸ್ತಕ ಹೇಳುವುದು ಮತ್ತು ಹೇಳದಿರುವುದು

ಮಾಲೀಕರು ಮೊದಲು ನೋಡುವುದು ಮಾರಾಟದ ಖಾತೆಯನ್ನು. ಹಿಂದಿನ ವರ್ಷದ ಅದೇ ನಾಲ್ಕು ತಿಂಗಳಲ್ಲಿ 60 ಲಕ್ಷ ರೂಪಾಯಿ ಇದ್ದ ಮಾರಾಟ ಈ ವರ್ಷ 72 ಲಕ್ಷಕ್ಕೆ ಏರಿದೆ. ಶೇ. 20ರ ಈ ಏರಿಕೆಯನ್ನು ಜಾಹೀರಾತಿನ ಫಲವೆಂದು ಬರೆದುಕೊಳ್ಳುವುದು ಸುಲಭ. ಆದರೆ ಈ ಖಾತೆಯಲ್ಲಿ ದಾಖಲಾಗಿರುವುದು ಘಟಕವು ವಿತರಕರಿಗೆ ಕಳುಹಿಸಿದ ಸರಕು ಮಾತ್ರ. ದಸರಾ ಮತ್ತು ದೀಪಾವಳಿಗೆ ಮುನ್ನ ಹತ್ತು ಪೆಟ್ಟಿಗೆಗೆ ಒಂದು ಪೆಟ್ಟಿಗೆ ಉಚಿತವೆಂಬ ಯೋಜನೆ ಜಾರಿಯಲ್ಲಿತ್ತು. ವಿತರಕರು ಯೋಜನೆಯ ಲಾಭಕ್ಕಾಗಿ ಗೋದಾಮು ತುಂಬಿಸಿಕೊಂಡಿರಬಹುದು. ಆ ಸರಕು ಅಂಗಡಿಗೆ ಹೋಯಿತೇ, ಅಂಗಡಿಯಿಂದ ಅಡುಗೆಮನೆಗೆ ಹೋಯಿತೇ ಎಂಬುದು ಘಟಕದ ಪುಸ್ತಕದಲ್ಲಿ ಎಲ್ಲಿಯೂ ಇರುವುದಿಲ್ಲ. ಮುಂದಿನ ಎರಡು ತಿಂಗಳಲ್ಲಿ ಹೊಸ ಆದೇಶಗಳು ಇಳಿದು, ಮಾರಾಟ ವಾಪಸಾತಿ ಏರಿದಾಗ ಮಾತ್ರ ಅದರ ಸುಳಿವು ಸಿಗುತ್ತದೆ.

ಜಮಾಖರ್ಚಿನ ಪಟ್ಟಿಯೂ ಈ ವಿಷಯದಲ್ಲಿ ನೆರವಾಗದು. ಲೆಕ್ಕಪತ್ರ ಮಾನಕ 26ರ ಪ್ರಕಾರ ಉದ್ಯಮವು ತಾನೇ ಬೆಳೆಸಿದ ಬ್ರ್ಯಾಂಡ್ ಅನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಜಾಹೀರಾತಿನ ವೆಚ್ಚವನ್ನು ಆಯಾ ವರ್ಷದ ಲಾಭನಷ್ಟ ಖಾತೆಗೆ ಖರ್ಚು ಹಾಕಬೇಕು. ಹೀಗಾಗಿ 5 ಲಕ್ಷ ರೂಪಾಯಿ ಖರ್ಚಾಗಿರುವುದು ಪುಸ್ತಕದಲ್ಲಿ ಕಾಣುತ್ತದೆಯೇ ಹೊರತು, ಅದರಿಂದ ಗ್ರಾಹಕರ ಮನಸ್ಸಿನಲ್ಲಿ ಏನಾದರೂ ಉಳಿದಿದೆಯೇ ಎಂಬುದು ಕಾಣುವುದಿಲ್ಲ. ಅದನ್ನು ತಿಳಿಯಲು ಗ್ರಾಹಕರನ್ನೇ ಕೇಳಬೇಕು. 200 ಮನೆಗಳಲ್ಲಿ ಮೂರು ನಿಮಿಷದ ಐದು ಪ್ರಶ್ನೆಗಳನ್ನು ಕೇಳಲು ಸಾವಿರಗಳಲ್ಲಿ ಮುಗಿಯುವ ವೆಚ್ಚ ಸಾಕು. ಆದರೆ ಪ್ರಶ್ನೆಯ ಕ್ರಮ, ಮನೆಗಳ ಆಯ್ಕೆ ಮತ್ತು ಉತ್ತರಗಳ ಎಣಿಕೆ ಸರಿಯಾಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಸಮೀಕ್ಷೆಯು ಮಾಲೀಕರಿಗೆ ಹಿತವಾದ ಸುಳ್ಳನ್ನು ಹೇಳುತ್ತದೆ.

ನೆನಪು ಬೇರೆ, ಗುರುತು ಬೇರೆ

ಬ್ರ್ಯಾಂಡ್ ಅರಿವನ್ನು ಎರಡು ಬಗೆಯಲ್ಲಿ ಅಳೆಯಲಾಗುತ್ತದೆ. ಯಾವುದೇ ಹೆಸರನ್ನು ಹೇಳದೆ, "ಸಾಂಬಾರ್ ಪುಡಿ ಎಂದರೆ ನಿಮಗೆ ಯಾವ ಯಾವ ಹೆಸರುಗಳು ನೆನಪಿಗೆ ಬರುತ್ತವೆ?" ಎಂದು ಕೇಳಿದಾಗ ಗ್ರಾಹಕರು ತಾವಾಗಿಯೇ ಹೇಳುವ ಹೆಸರು ಸ್ವಯಂಸ್ಮರಣೆ. ಹೆಸರುಗಳ ಪಟ್ಟಿಯನ್ನು ಓದಿ, "ಇವುಗಳಲ್ಲಿ ಯಾವುದನ್ನು ಕೇಳಿದ್ದೀರಿ?" ಎಂದಾಗ ಹೌದೆನ್ನುವುದು ಗುರುತಿಸುವಿಕೆ. ಅಂಗಡಿಗೆ ಹೋಗಿ ಹೆಸರು ಹೇಳಿ ಪೊಟ್ಟಣ ಕೇಳಬೇಕಾದಲ್ಲಿ ಸ್ವಯಂಸ್ಮರಣೆಯೇ ಮುಖ್ಯ. ಗ್ರಾಹಕರು ತಾವೇ ಕೈಹಾಕಿ ಆರಿಸಿಕೊಳ್ಳುವ ಸ್ವಸಹಾಯ ಮಳಿಗೆಗಳಲ್ಲಿ ಗುರುತಿಸುವಿಕೆಗೂ ಬೆಲೆಯಿದೆ. ಕಿರಾಣಿ ಅಂಗಡಿಯ ಗಲ್ಲೆಯ ಮುಂದೆ ನಿಂತು ಕೇಳಿ ಕೊಳ್ಳುವ ಪದ್ಧತಿ ಹೆಚ್ಚಾಗಿರುವ ನಮ್ಮ ಊರುಗಳಲ್ಲಿ ಸಣ್ಣ ತಯಾರಕರು ಮೊದಲನೆಯದರ ಮೇಲೆ ಕಣ್ಣಿಡುವುದು ಲೇಸು.

ಈ ಎರಡು ಪ್ರಶ್ನೆಗಳ ಕ್ರಮವನ್ನು ಎಂದಿಗೂ ಅದಲುಬದಲು ಮಾಡಬಾರದು. ಪಟ್ಟಿಯನ್ನು ಒಮ್ಮೆ ಓದಿದ ಮೇಲೆ ನೆನಪಿನ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ. ಅದೇ ಕಾರಣಕ್ಕೆ ಪ್ರಶ್ನೆ ಕೇಳುವವರು ಘಟಕದ ಹೆಸರಿನ ಟೋಪಿ, ಚೀಲ, ಅಂಗಿ ಧರಿಸಿ ಹೋಗುವಂತಿಲ್ಲ. ಯಾರ ಪರವಾಗಿ ಬಂದಿದ್ದೇವೆಂದು ಮೊದಲೇ ಹೇಳುವಂತಿಲ್ಲ. "ಅಡುಗೆ ಸಾಮಗ್ರಿಗಳ ಬಗ್ಗೆ ಒಂದು ಸಣ್ಣ ಸಮೀಕ್ಷೆ" ಎಂದಷ್ಟೇ ಹೇಳಿ, ಮಾತು ಮುಗಿದ ಬಳಿಕ ಕೇಳಿದವರಿಗೆ ಹೆಸರು ತಿಳಿಸಿದರೆ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಕೊಂಡಿ ಹಂಚಿ ಉತ್ತರ ಪಡೆಯುವುದು ಇನ್ನೂ ಅಗ್ಗವೆಂದು ಕಂಡರೂ ಅದರಲ್ಲಿ ಎರಡು ದೋಷಗಳಿವೆ. ಕೊಂಡಿ ತಲಪುವುದು ಮಾಲೀಕರ ಮತ್ತು ಸಿಬ್ಬಂದಿಯ ಪರಿಚಿತರಿಗೆ. ಅವರು ಹೆಸರನ್ನು ಮೊದಲೇ ಬಲ್ಲರು. ಅಲ್ಲದೆ, ಮುಂದಿನ ಪುಟದ ಪಟ್ಟಿಯನ್ನು ನೋಡಿ ಹಿಂದಿನ ಪುಟಕ್ಕೆ ಬಂದು ಉತ್ತರ ತುಂಬುವುದನ್ನು ತಡೆಯುವುದು ಕಷ್ಟ.

ಐದು ಪ್ರಶ್ನೆಗಳು

ಮೊದಲನೆಯದು ಸೋಸುವ ಪ್ರಶ್ನೆ. "ನಿಮ್ಮ ಮನೆಗೆ ಸಾಂಬಾರ್ ಪುಡಿಯನ್ನು ಅಂಗಡಿಯಿಂದ ತರುತ್ತೀರಾ? ಯಾವುದನ್ನು ತರಬೇಕೆಂದು ಯಾರು ಹೇಳುತ್ತಾರೆ?" ಈ ಭಾಗದ ಅನೇಕ ಮನೆಗಳಲ್ಲಿ ಸಾಮಾನು ಹುರಿದು ಗಿರಣಿಯಲ್ಲಿ ಬೀಸಿಸುವ ರೂಢಿ ಈಗಲೂ ಇದೆ. ಅಂತಹ ಮನೆಗಳನ್ನು ಬೇರೆಯಾಗಿ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗಬೇಕು. 200 ಎಂಬುದು ಅಂಗಡಿಯಿಂದ ಪುಡಿ ತರುವ ಮನೆಗಳ ಸಂಖ್ಯೆ. ಉತ್ತರಿಸಬೇಕಾದವರು ಆ ಮನೆಯಲ್ಲಿ ಪುಡಿಯನ್ನು ಆರಿಸುವವರು.

ಎರಡನೆಯದು ಸ್ವಯಂಸ್ಮರಣೆಯ ಪ್ರಶ್ನೆ. ಹೇಳಿದ ಹೆಸರುಗಳನ್ನು ಹೇಳಿದ ಕ್ರಮದಲ್ಲಿಯೇ ಬರೆದುಕೊಳ್ಳಬೇಕು. ಮೌನವಾದಾಗ "ಇನ್ನೂ ಯಾವುದಾದರೂ?" ಎಂದು ಒಂದೇ ಒಂದು ಬಾರಿ ಕೇಳಬಹುದು. ಒಬ್ಬ ಸಮೀಕ್ಷಕ ಒಮ್ಮೆ, ಇನ್ನೊಬ್ಬ ಮೂರು ಬಾರಿ ಒತ್ತಾಯಿಸಿದರೆ ಇಬ್ಬರ ಅಂಕಿಗಳನ್ನು ಕೂಡಿಸುವಂತಿಲ್ಲ. ಕೆಲವರಿಗೆ ಹೆಸರು ಬಾಯಿಗೆ ಬಾರದು. "ಹಳದಿ ಪೊಟ್ಟಣ, ಮೇಲೆ ಒಲೆಯ ಚಿತ್ರ" ಎನ್ನುತ್ತಾರೆ. ಇಂತಹ ಉತ್ತರಗಳಿಗೆ ನಮೂನೆಯಲ್ಲಿ ಪ್ರತ್ಯೇಕ ಜಾಗವಿರಲಿ. ಇವನ್ನು ಹೆಸರು ಹೇಳಿದವರೊಂದಿಗೆ ಸೇರಿಸಬಾರದು. ಆದರೆ ಇವುಗಳ ಸಂಖ್ಯೆ ದೊಡ್ಡದಿದ್ದರೆ ಪೊಟ್ಟಣದ ವಿನ್ಯಾಸ ಬದಲಿಸುವ ಮುನ್ನ ಮಾಲೀಕರು ಯೋಚಿಸಬೇಕಾಗುತ್ತದೆ.

ಮೂರನೆಯ ಪ್ರಶ್ನೆ, ಕಳೆದ ಮೂರು ತಿಂಗಳಲ್ಲಿ ಯಾವ ಯಾವ ಹೆಸರಿನ ಪುಡಿ ತಂದಿದ್ದಾರೆ ಎಂಬುದು. ಇದನ್ನೂ ಪಟ್ಟಿ ಓದುವ ಮುನ್ನವೇ ಕೇಳಬೇಕು.

ನಾಲ್ಕನೆಯದು ಪಟ್ಟಿ. ಅದರಲ್ಲಿ ಎಂಟು ಹೆಸರುಗಳು ಸಾಕು: ಎಂ.ಟಿ.ಆರ್., ಎವರೆಸ್ಟ್, ಆಚಿ ಮುಂತಾದ ದೊಡ್ಡ ಹೆಸರುಗಳು, ಒಂದೆರಡು ಸ್ಥಳೀಯ ಹೆಸರುಗಳು, ಸ್ವಂತ ಹೆಸರು ಮತ್ತು ಎಲ್ಲಿಯೂ ಇಲ್ಲದ ಒಂದು ಕಲ್ಪಿತ ಹೆಸರು. ಓದುವ ಕ್ರಮವನ್ನು ಬದಲಿಸಿ ಎರಡು ಬಗೆಯ ನಮೂನೆ ಮುದ್ರಿಸಿದರೆ, ಕೊನೆಯಲ್ಲಿ ಕೇಳಿದ ಹೆಸರಿಗೇ ಎಲ್ಲರೂ ಹೌದೆನ್ನುವ ದೋಷ ಕಡಿಮೆಯಾಗುತ್ತದೆ.

ಐದನೆಯದನ್ನು ಹೆಸರು ಗೊತ್ತಿದ್ದೂ ಕೊಳ್ಳದವರಿಗೆ ಮಾತ್ರ ಕೇಳಬೇಕು: "ಏಕೆ ತರುವುದಿಲ್ಲ?" ಸ್ವಂತ ಹೆಸರಿನ ಬಗ್ಗೆ ಮಾತ್ರ ಹೀಗೆ ಕೇಳಿದರೆ ಗುಟ್ಟು ಬಯಲಾಗುತ್ತದೆ. ಆದ್ದರಿಂದ ಇನ್ನೊಂದು ಹೆಸರಿನ ಬಗ್ಗೆಯೂ ಅದೇ ಪ್ರಶ್ನೆಯನ್ನು ಜೊತೆಗಿಡಬೇಕು.

ಕಲ್ಪಿತ ಹೆಸರಿನ ಪ್ರಯೋಜನ

ಪಟ್ಟಿ ಓದುವಾಗ ಗೊತ್ತಿಲ್ಲದ ಹೆಸರಿಗೂ ಕೆಲವರು ಹೌದೆನ್ನುತ್ತಾರೆ. ಮನೆಗೆ ಬಂದವರ ಮುಖ ನೋಡಿ ಇಲ್ಲವೆನ್ನಲು ಸಂಕೋಚ, ಬೇಗ ಮುಗಿಸುವ ಅವಸರ, ಅದೇ ಬಗೆಯ ಬೇರೊಂದು ಹೆಸರಿನ ನೆನಪು ಇದಕ್ಕೆ ಕಾರಣಗಳು. ಎಷ್ಟು ಮಂದಿ ಹೀಗೆ ಉತ್ತರಿಸುತ್ತಿದ್ದಾರೆ ಎಂಬುದನ್ನು ಕಲ್ಪಿತ ಹೆಸರು ಅಳೆದು ಕೊಡುತ್ತದೆ. ಅದಕ್ಕೆ ಸಿಕ್ಕ ಶೇಕಡಾವಾರು ಆ ಪಟ್ಟಿಯ ತಳಮಟ್ಟ. ಸ್ವಂತ ಹೆಸರಿನ ಅಂಕಿ ಅದಕ್ಕಿಂತ ಎಷ್ಟು ಮೇಲಿದೆಯೋ ಅಷ್ಟನ್ನೇ ಅರಿವೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಲ್ಪಿತ ಹೆಸರು ಮಸಾಲೆ ಪುಡಿಗೆ ಒಪ್ಪುವಂತಿರಬೇಕು, ಆದರೆ ಮಾರುಕಟ್ಟೆಯಲ್ಲಿ ಇರಬಾರದು. ಟ್ರೇಡ್ ಮಾರ್ಕ್ ನೋಂದಣಿಯ ಅಂತರಜಾಲ ತಾಣದಲ್ಲಿ ಸಾರ್ವಜನಿಕ ಶೋಧನೆಗೆ ಅವಕಾಶವಿದೆ. ಮಸಾಲೆ ಪದಾರ್ಥಗಳು ಬರುವುದು 30ನೆಯ ವರ್ಗದಲ್ಲಿ. ಅಲ್ಲಿ ಹುಡುಕಿ ಹೆಸರು ಇಲ್ಲವೆಂದು ಖಚಿತಪಡಿಸಿಕೊಂಡು, ನಗರದ ಇಬ್ಬರು ಸಗಟು ವ್ಯಾಪಾರಿಗಳನ್ನೂ ವಿಚಾರಿಸಬೇಕು; ನೋಂದಣಿಯಾಗದ ಸ್ಥಳೀಯ ಹೆಸರುಗಳು ಅವರಿಗೆ ಗೊತ್ತಿರುತ್ತವೆ.

ಮನೆಗಳ ಆಯ್ಕೆ

ಕಿರಾಣಿ ಅಂಗಡಿಯ ಮುಂದೆ ನಿಂತು ಬಂದವರನ್ನೆಲ್ಲ ಕೇಳುವುದು ಸುಲಭವಾದರೂ ಅದು ಸರಿಯಾದ ದಾರಿಯಲ್ಲ. ತಮ್ಮ ಸರಕು ಇರುವ ಅಂಗಡಿಯ ಮುಂದೆ ನಿಂತರೆ ತಮ್ಮ ಹೆಸರೇ ಹೆಚ್ಚಾಗಿ ಕೇಳಿಬರುತ್ತದೆ. ನಗರದ ಎಲ್ಲ ಭಾಗಗಳಿಗೂ ಅವಕಾಶ ದೊರೆಯಬೇಕಾದರೆ ಒಂದು ಪಟ್ಟಿ ಬೇಕು. ಅಂತಹ ಪಟ್ಟಿಯೊಂದು ಯಾವ ಖರ್ಚೂ ಇಲ್ಲದೆ ಸಿಗುತ್ತದೆ: ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ತಾಣದಲ್ಲಿರುವ ಮತಗಟ್ಟೆಗಳ ಪಟ್ಟಿ. ಒಂದು ಮತಗಟ್ಟೆಗೆ ಸಾಮಾನ್ಯವಾಗಿ ಸಾವಿರದ ಆಸುಪಾಸಿನ ಮತದಾರರನ್ನು ಸೇರಿಸುವುದರಿಂದ ಜನ ಹೆಚ್ಚಿರುವ ಬಡಾವಣೆಯಲ್ಲಿ ಮತಗಟ್ಟೆಗಳೂ ಹೆಚ್ಚಿರುತ್ತವೆ. ಆದ್ದರಿಂದ ಮತಗಟ್ಟೆಗಳನ್ನು ಚೀಟಿ ಎತ್ತಿ ಆರಿಸಿದರೆ ಜನಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಬಹುಮಟ್ಟಿಗೆ ತಾನಾಗಿಯೇ ಬರುತ್ತದೆ. ಇಲ್ಲಿ ಬೇಕಾದದ್ದು ಸ್ಥಳಗಳ ಪಟ್ಟಿ ಮಾತ್ರ, ಮತದಾರರ ಹೆಸರುಗಳಲ್ಲ.

ದಾವಣಗೆರೆ ಉತ್ತರ ಮತ್ತು ದಕ್ಷಿಣ ಕ್ಷೇತ್ರಗಳ ಪಟ್ಟಿಯಿಂದ ನಗರದೊಳಗಿನ ಮತಗಟ್ಟೆಗಳನ್ನು ಬೇರ್ಪಡಿಸಿ, ಅವುಗಳಲ್ಲಿ 20ನ್ನು ಚೀಟಿಯ ಮೂಲಕ ಆರಿಸಲಾಯಿತು ಎನ್ನೋಣ. ಪ್ರತಿ ಮತಗಟ್ಟೆಯ ವ್ಯಾಪ್ತಿಯಲ್ಲಿ 10 ಮನೆಗಳು. ಮತಗಟ್ಟೆಯ ಕಟ್ಟಡದಿಂದ ಹೊರಟು, ಬಲಗೈ ಬದಿಯ ಸಾಲಿನಲ್ಲಿ ಪ್ರತಿ ಐದನೆಯ ಮನೆಯ ಬಾಗಿಲು ತಟ್ಟಬೇಕು. ಬಾಗಿಲು ತೆರೆಯದಿದ್ದರೆ ಅಥವಾ ಆ ಮನೆಯವರು ಅಂಗಡಿಯಿಂದ ಪುಡಿ ತರುವವರಲ್ಲದಿದ್ದರೆ ಅದರ ಪಕ್ಕದ ಮನೆ. ಯಾವ ಮನೆಯೆಂಬ ನಿರ್ಧಾರ ಸಮೀಕ್ಷಕನ ಇಷ್ಟಕ್ಕೆ ಬಿಡದಿರುವುದೇ ಈ ನಿಯಮದ ಉದ್ದೇಶ; ಬಿಟ್ಟರೆ ಆತ ನಗುಮುಖದವರ ಮತ್ತು ನಾಯಿ ಇಲ್ಲದವರ ಮನೆಗೆ ಮಾತ್ರ ಹೋಗುತ್ತಾನೆ. ನಾಲ್ಕು ಕಡೆ ಐವತ್ತೈವತ್ತು ಮನೆ ಮಾಡಿದರೆ ಓಡಾಟ ಉಳಿಯುತ್ತದೆ ನಿಜ. ಆದರೆ ಒಂದೇ ಬೀದಿಯವರು ಒಂದೇ ಅಂಗಡಿಯಲ್ಲಿ ಕೊಳ್ಳುತ್ತಾರೆ, ಒಂದೇ ಗೋಡೆ ಬರಹವನ್ನು ನೋಡುತ್ತಾರೆ. ಅಲ್ಲಿನ ಐವತ್ತು ಉತ್ತರಗಳು ಐವತ್ತು ಬೇರೆ ಬೇರೆ ಉತ್ತರಗಳಷ್ಟು ತೂಗುವುದಿಲ್ಲ.

ವೆಚ್ಚದ ಅಂದಾಜು ಹೀಗಿದೆ. ಸ್ಥಳೀಯ ಕಾಲೇಜಿನ ಐವರು ವಾಣಿಜ್ಯ ವಿದ್ಯಾರ್ಥಿಗಳು ದಿನಕ್ಕೆ 20 ಮನೆಗಳಂತೆ ಎರಡು ದಿನ ದುಡಿದರೆ 200 ಮನೆಗಳು ಮುಗಿಯುತ್ತವೆ. ದಿನಕ್ಕೆ 800 ರೂಪಾಯಿಯಂತೆ ಇದಕ್ಕೆ 8,000, ಅರ್ಧ ದಿನದ ತರಬೇತಿಗೆ 2,000, ಓಡಾಟ ಮತ್ತು ಚಹಾಕ್ಕೆ 1,500, ನಮೂನೆಗಳ ಮುದ್ರಣಕ್ಕೆ 500, ಮರುಪರಿಶೀಲನೆಗೆ 1,000, ಉತ್ತರಗಳನ್ನು ಗಣಕದಲ್ಲಿ ದಾಖಲಿಸಲು 1,000. ಒಟ್ಟು 14,000 ರೂಪಾಯಿ. ಜಾಹೀರಾತಿಗೆ ಮುನ್ನ ಒಮ್ಮೆ, ನಂತರ ಒಮ್ಮೆ ಎಂದರೆ 28,000. ಇದು 5 ಲಕ್ಷದ ಶೇ. 6ಕ್ಕಿಂತ ಕಡಿಮೆ. ದರಗಳು ಊರಿನಿಂದ ಊರಿಗೆ ಬದಲಾಗಬಹುದು. ಅನುಪಾತ ಹೆಚ್ಚು ಬದಲಾಗದು.

ಎರಡನೆಯ ಬಾರಿ ಅದೇ 20 ಮತಗಟ್ಟೆಗಳಿಗೆ ಹೋಗಬೇಕು, ಆದರೆ ಅದೇ ಮನೆಗಳಿಗಲ್ಲ. ಮೊದಲ ಬಾರಿ ಪಟ್ಟಿ ಕೇಳಿದವರಿಗೆ ಆ ಪಟ್ಟಿಯೇ ಹೆಸರನ್ನು ಕಲಿಸಿರುತ್ತದೆ. ಪ್ರಾರಂಭದ ದಿಕ್ಕನ್ನು ಬದಲಿಸಿದರೆ ಹೊಸ ಮನೆಗಳು ಸಿಗುತ್ತವೆ. ಹಬ್ಬದ ವಾರಗಳನ್ನು ಬಿಡಬೇಕು. ದೃಷ್ಟಾಂತದ ಘಟಕವು ಮೊದಲ ಸುತ್ತನ್ನು ಜೂನ್‌ನಲ್ಲಿ, ಎರಡನೆಯದನ್ನು ಜಾಹೀರಾತು ನಿಂತು ಒಂದು ತಿಂಗಳ ಬಳಿಕ, ಡಿಸೆಂಬರ್ ಮೊದಲ ವಾರದಲ್ಲಿ ನಡೆಸಿತು.

ಅಂಕಿಗಳು ಬಂದ ಮೇಲೆ

ಎರಡನೆಯ ಸುತ್ತಿನ ನಮೂನೆಗಳನ್ನು ಎಣಿಸಿದಾಗ ಮಾಲೀಕರಿಗೆ ಮೊದಲು ಕಂಡದ್ದು ಗುರುತಿಸುವಿಕೆಯ ಅಂಕಿ. ಜೂನ್‌ನಲ್ಲಿ 200ರಲ್ಲಿ 84 ಮಂದಿ, ಅಂದರೆ ಶೇ. 42, ಸ್ವಂತ ಹೆಸರನ್ನು ಗುರುತಿಸಿದ್ದರು. ಡಿಸೆಂಬರ್‌ನಲ್ಲಿ ಅದು 112, ಅಂದರೆ ಶೇ. 56. ಹದಿನಾಲ್ಕು ಅಂಶಗಳ ಏರಿಕೆ! ಮಾರಾಟ ಖಾತೆಯ ಶೇ. 20ರ ಜೊತೆಗೆ ಇದನ್ನಿಟ್ಟು ನೋಡಿದರೆ ಮತ್ತೊಂದು 5 ಲಕ್ಷಕ್ಕೆ ಒಪ್ಪಿಗೆ ಕೊಡದಿರಲು ಕಾರಣವೇ ಕಾಣುವುದಿಲ್ಲ.

ಆದರೆ ಕಲ್ಪಿತ ಹೆಸರಿನ ಸಾಲು ಬೇರೆಯೇ ಕಥೆ ಹೇಳುತ್ತಿತ್ತು. ಜೂನ್‌ನಲ್ಲಿ ಅದನ್ನು 16 ಮಂದಿ, ಶೇ. 8, ಗುರುತಿಸಿದ್ದರು, ಡಿಸೆಂಬರ್‌ನಲ್ಲಿ 30 ಮಂದಿ, ಶೇ. 15. ಎಲ್ಲಿಯೂ ಇಲ್ಲದ ಹೆಸರಿನ ಪ್ರಸಿದ್ಧಿ ಆರು ತಿಂಗಳಲ್ಲಿ ಇಮ್ಮಡಿಯಾಗಲು ಸಾಧ್ಯವಿಲ್ಲ. ದೋಷ ಸಮೀಕ್ಷೆಯ ಒಳಗೇ ಇರಬೇಕು. ಉತ್ತರಗಳನ್ನು ಸಮೀಕ್ಷಕರ ಪ್ರಕಾರ ವಿಂಗಡಿಸಿದಾಗ ಅದು ಸಿಕ್ಕಿತು. ಒಬ್ಬ ಸಮೀಕ್ಷಕನ 40 ನಮೂನೆಗಳಲ್ಲಿ 16ರಲ್ಲಿ ಕಲ್ಪಿತ ಹೆಸರಿಗೆ ಹೌದೆಂಬ ಗುರುತಿತ್ತು; ಉಳಿದ ನಾಲ್ವರ 160 ನಮೂನೆಗಳಲ್ಲಿ ಒಟ್ಟು 14 ಮಾತ್ರ. ಸ್ವಂತ ಹೆಸರಿಗೂ ಆತನ 40ರಲ್ಲಿ 32 ಹೌದುಗಳಿದ್ದವು. ಉಳಿದವರಲ್ಲಿ 160ಕ್ಕೆ 80.

ಇಂತಹ ಸಂದರ್ಭದಲ್ಲಿ ಮರುಪರಿಶೀಲನೆ ನೆರವಿಗೆ ಬರುತ್ತದೆ. ಪ್ರತಿ ಹತ್ತರಲ್ಲಿ ಒಂದು ಮನೆಗೆ ದೂರವಾಣಿ ಮಾಡಿ, ಯಾರಾದರೂ ಬಂದಿದ್ದರೇ, ಹೆಸರುಗಳನ್ನು ಒಂದೊಂದಾಗಿ ಓದಿದರೇ ಎಂದು ಕೇಳುವುದು ಇದರ ಕ್ರಮ. ಇದಕ್ಕಾಗಿ ದೂರವಾಣಿ ಸಂಖ್ಯೆಯನ್ನು ಒಪ್ಪಿಗೆ ಪಡೆದೇ ಬರೆದುಕೊಳ್ಳಬೇಕು, ಪ್ರತ್ಯೇಕ ಚೀಟಿಯಲ್ಲಿಡಬೇಕು, ಪರಿಶೀಲನೆ ಮುಗಿದ ಕೂಡಲೇ ನಾಶಪಡಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಸಂಖ್ಯೆಗಳನ್ನು ಮಾರಾಟದ ಕರೆಗಳಿಗೆ ಬಳಸುವ ಆಸೆಯನ್ನು ಉದ್ಯಮಿಗಳು ಬಿಡುವುದೇ ಕ್ಷೇಮ. ವಿಚಾರಿಸಿದಾಗ ತಿಳಿದದ್ದಿಷ್ಟು: ಆತ ಮನೆಗಳಿಗೆ ಹೋಗಿದ್ದು ನಿಜ, ಆದರೆ ಎಂಟು ಹೆಸರುಗಳನ್ನು ಒಂದೇ ಉಸಿರಿಗೆ ಓದಿ, "ಇವೆಲ್ಲ ಕೇಳಿದ್ದೀರಲ್ಲವೇ?" ಎಂದಿದ್ದ. ಕೇಳಿದ ಧಾಟಿಯಲ್ಲೇ ಉತ್ತರ ಅಡಗಿತ್ತು.

ಆತನ ನಾಲ್ಕು ಮತಗಟ್ಟೆಗಳಲ್ಲಿ 1,600 ರೂಪಾಯಿ ಖರ್ಚಿನಲ್ಲಿ ಬೇರೊಬ್ಬರಿಂದ 40 ಮನೆಗಳನ್ನು ಹೊಸದಾಗಿ ಮಾಡಿಸಲಾಯಿತು. ಈ ಬಾರಿ ಸ್ವಂತ ಹೆಸರಿಗೆ 18, ಕಲ್ಪಿತ ಹೆಸರಿಗೆ 3. ಹೀಗೆ ಸರಿಪಡಿಸಿದ ಪಟ್ಟಿ ಈ ಕೆಳಗಿನಂತಿದೆ (ಎರಡೂ ಸುತ್ತುಗಳಲ್ಲಿ 200 ಮನೆಗಳು):

ತಾವಾಗಿಯೇ ಸ್ವಂತ ಹೆಸರು ಹೇಳಿದವರು: ಜೂನ್ 22, ಡಿಸೆಂಬರ್ 44
ಪಟ್ಟಿಯಲ್ಲಿ ಸ್ವಂತ ಹೆಸರು ಗುರುತಿಸಿದವರು: ಜೂನ್ 84, ಡಿಸೆಂಬರ್ 98
ಕಲ್ಪಿತ ಹೆಸರು ಗುರುತಿಸಿದವರು: ಜೂನ್ 16, ಡಿಸೆಂಬರ್ 17
ಮೂರು ತಿಂಗಳಲ್ಲಿ ಕೊಂಡವರು: ಜೂನ್ 18, ಡಿಸೆಂಬರ್ 21

ಯಾವ ಏರಿಕೆಯನ್ನು ನಂಬಬೇಕು?

200 ಮನೆಗಳ ಉತ್ತರ ಇಡೀ ನಗರದ ಉತ್ತರವಲ್ಲ. ಚೀಟಿಯಲ್ಲಿ ಬೇರೆ 200 ಮನೆಗಳು ಬಂದಿದ್ದರೆ ಅಂಕಿಗಳು ತುಸು ಬೇರೆಯಾಗುತ್ತಿದ್ದವು. ಈ ವ್ಯತ್ಯಾಸಕ್ಕೆ ಒಂದು ಸುಲಭ ಲೆಕ್ಕವಿದೆ. ಮನೆಗಳ ಸಂಖ್ಯೆಯ ವರ್ಗಮೂಲದಿಂದ 100ನ್ನು ಭಾಗಿಸಬೇಕು. 200ರ ವರ್ಗಮೂಲ ಸುಮಾರು 14. ಭಾಗಲಬ್ಧ ಸುಮಾರು 7. ಅಂದರೆ ಸಮೀಕ್ಷೆಯಲ್ಲಿ ಶೇ. 49 ಎಂದು ಬಂದರೆ ನಗರದ ನಿಜವಾದ ಅಂಕಿ ಶೇ. 42ರಿಂದ 56ರ ನಡುವೆ ಎಲ್ಲಿಯಾದರೂ ಇರಬಹುದು. ಎರಡು ಸಮೀಕ್ಷೆಗಳನ್ನು ಹೋಲಿಸುವಾಗ ಎರಡರ ವ್ಯತ್ಯಾಸವೂ ಸೇರುವುದರಿಂದ 7ನ್ನು 1.4ರಿಂದ ಗುಣಿಸಬೇಕು; ಸುಮಾರು 10 ಬರುತ್ತದೆ. ಶೇ. 50ರ ಆಸುಪಾಸಿನ ಅಂಕಿಗಳಿಗೆ ಈ ಲೆಕ್ಕ ಸರಿಹೊಂದುತ್ತದೆ. ಶೇ. 10 ಅಥವಾ 15ರಂತಹ ಸಣ್ಣ ಅಂಕಿಗಳಿಗೆ ಗಡಿ ಇನ್ನೂ ಕಿರಿದು. ಆದರೆ ಮನೆಗಳನ್ನು ಹತ್ತರ ಗುಂಪುಗಳಲ್ಲಿ ಆರಿಸಿರುವುದರಿಂದ ಗಡಿ ತುಸು ಹಿಗ್ಗುತ್ತದೆ. ಹತ್ತು ಅಂಶಕ್ಕಿಂತ ಕಡಿಮೆಯ ಏರಿಕೆಯ ಮೇಲೆ ಹಣ ಹೂಡುವುದಿಲ್ಲವೆಂಬ ನಿಯಮ ಇಟ್ಟುಕೊಂಡರೆ ಸಣ್ಣ ಉದ್ಯಮಿ ಸುರಕ್ಷಿತ. ಗಡಿಯನ್ನು ಅರ್ಧಕ್ಕೆ ಇಳಿಸಬೇಕಾದರೆ ಮನೆಗಳ ಸಂಖ್ಯೆ ನಾಲ್ಕು ಪಟ್ಟಾಗಬೇಕು, ವೆಚ್ಚವೂ ಹಾಗೆಯೇ ಏರುತ್ತದೆ. ಇಲ್ಲಿನ ನಿರ್ಧಾರಕ್ಕೆ ಅಷ್ಟು ಸೂಕ್ಷ್ಮತೆ ಬೇಕಿಲ್ಲ.

ಈ ಅಳತೆಗೋಲನ್ನಿಟ್ಟು ಪಟ್ಟಿಯನ್ನು ಮತ್ತೆ ಓದಬಹುದು. ಗುರುತಿಸುವಿಕೆ ಶೇ. 42ರಿಂದ 49ಕ್ಕೆ ಏರಿದೆ. ಏಳು ಅಂಶದ ಈ ಏರಿಕೆ ಗಡಿಯ ಒಳಗಿದೆ. ಹೆಸರನ್ನೇ ಕೇಳದಿದ್ದ ಹೊಸಬರನ್ನು ಜಾಹೀರಾತು ತಲಪಿತೆಂದು ಹೇಳಲಾಗದು. ಸ್ವಯಂಸ್ಮರಣೆ ಶೇ. 11ರಿಂದ 22ಕ್ಕೆ ಏರಿದೆ. ಇದು ಗಡಿಯನ್ನು ದಾಟಿದೆ. ಹಿಂದೆ ಹೆಸರನ್ನು ಅರೆಬರೆಯಾಗಿ ಕೇಳಿದ್ದವರಲ್ಲಿ ಅನೇಕರಿಗೆ ಅದು ಈಗ ಗಟ್ಟಿಯಾಗಿ ನೆನಪಿದೆ ಎಂದು ಇದನ್ನು ಅರ್ಥೈಸಬಹುದು. ಜಾಹೀರಾತು ಕೆಲಸ ಮಾಡಿಲ್ಲವೆಂದು ಹೇಳುವಂತಿಲ್ಲ. ಆದರೆ ಕೊಂಡವರು 18ರಿಂದ 21 ಮಾತ್ರ. ಒಂದೂವರೆ ಅಂಶದ ಈ ವ್ಯತ್ಯಾಸ ಏನನ್ನೂ ಹೇಳುವುದಿಲ್ಲ. ಮಾರಾಟ ಖಾತೆಯಲ್ಲಿ ಕಂಡ 12 ಲಕ್ಷದ ಹೆಚ್ಚಳ ಅಡುಗೆಮನೆಗಳಿಗೆ ತಲಪಿರುವ ಕುರುಹು ಇಲ್ಲಿಲ್ಲ. ಅದರ ಬಹುಭಾಗ ವಿತರಕರ ಗೋದಾಮಿನಲ್ಲಿರುವ ಸಂಭವವೇ ಹೆಚ್ಚು. ವಿತರಕರಿಂದ ದಾಸ್ತಾನಿನ ವಿವರ ತರಿಸಿ ನೋಡಿದರೆ ಇದು ಖಚಿತವಾಗುತ್ತದೆ.

ನೆನಪಿದ್ದೂ ಕೊಳ್ಳದಿರಲು ಕಾರಣ

ತಾವಾಗಿಯೇ ಹೆಸರು ಹೇಳಿದ 44 ಮಂದಿಯಲ್ಲಿ 17 ಮಂದಿ ಪುಡಿ ಕೊಂಡವರು. ಉಳಿದ 27 ಮಂದಿಯ ಐದನೆಯ ಪ್ರಶ್ನೆಯ ಉತ್ತರಗಳಲ್ಲಿ 16, "ನಾವು ಹೋಗುವ ಅಂಗಡಿಯಲ್ಲಿ ಸಿಗುವುದಿಲ್ಲ" ಎಂದಿದ್ದವು. ರುಚಿ ಒಪ್ಪಲಿಲ್ಲವೆಂದವರು 4, ಬೆಲೆ ಹೆಚ್ಚೆಂದವರು 3, ಬೇರೆ ಕಾರಣ ಹೇಳಿದವರು 4. ಇಪ್ಪತ್ತೇಳು ಎಂಬುದು ಶೇಕಡಾವಾರು ಹಾಕುವಷ್ಟು ದೊಡ್ಡ ಸಂಖ್ಯೆಯಲ್ಲ. ಅದು ಯಾವ ದಿಕ್ಕಿನಲ್ಲಿ ಹುಡುಕಬೇಕೆಂದು ತೋರಿಸುತ್ತದೆ, ಅಷ್ಟೇ. ಉತ್ತರಗಳು ಅಂಗಡಿಯತ್ತ ಬೊಟ್ಟು ಮಾಡಿದ್ದರಿಂದ ಅಂಗಡಿಗಳನ್ನೇ ನೋಡುವುದು ಮುಂದಿನ ಹೆಜ್ಜೆ.

ಅದಕ್ಕೆ ಸಮೀಕ್ಷಕರೂ ಬೇಕಿಲ್ಲ. ಅದೇ 20 ಮತಗಟ್ಟೆಗಳ ವ್ಯಾಪ್ತಿಯಲ್ಲಿ ತಲಾ ಮೂರು ಕಿರಾಣಿ ಅಂಗಡಿಗಳಂತೆ 60 ಅಂಗಡಿಗಳಿಗೆ ಘಟಕದ ಒಬ್ಬ ಸಿಬ್ಬಂದಿ ಎರಡು ದಿನ ಗ್ರಾಹಕರಂತೆ ಹೋಗಿ, ಪೊಟ್ಟಣ ಇದೆಯೇ ಎಂದು ಕೇಳಿ ಬಂದರೆ ಸಾಕು. ಇದ್ದದ್ದು 15 ಅಂಗಡಿಗಳಲ್ಲಿ. ಅವುಗಳಲ್ಲಿ 11 ಅಂಗಡಿಗಳು ಮಂಡಿಪೇಟೆ, ಚೌಕಿಪೇಟೆಯ ಸುತ್ತಮುತ್ತಲಿನವು. ನಿಟ್ಟುವಳ್ಳಿ, ವಿನೋಬನಗರದಂತಹ ವಸತಿ ಬಡಾವಣೆಗಳಲ್ಲಿ ಆಟೋರಿಕ್ಷಾ ಫಲಕ ಓಡಾಡುತ್ತಿತ್ತು, ಗೋಡೆ ಬರಹವಿತ್ತು, ಪೊಟ್ಟಣ ಮಾತ್ರ ಇರಲಿಲ್ಲ. ಗೃಹಿಣಿ ಹೆಸರು ಹೇಳಿ ಕೇಳಿದಾಗ ಅಂಗಡಿಯವರು ತಮ್ಮಲ್ಲಿದ್ದ ಬೇರೊಂದು ಪೊಟ್ಟಣವನ್ನು ಕೊಟ್ಟು ಕಳುಹಿಸುವುದು ಸಹಜ. ಹಾಗಾದರೆ ಘಟಕದ ಜಾಹೀರಾತಿನ ಹಣ ಪ್ರತಿಸ್ಪರ್ಧಿಯ ಮಾರಾಟಕ್ಕೂ ಸ್ವಲ್ಪ ನೆರವಾಗಿದೆ ಎಂದೇ ಹೇಳಬೇಕಾಗುತ್ತದೆ.

ನಿರ್ಧಾರ

ಈಗ ಮಾಲೀಕರ ಮುಂದಿರುವ ಪ್ರಶ್ನೆಯ ಸ್ವರೂಪವೇ ಬದಲಾಗಿದೆ. ಹೆಸರನ್ನು ಇನ್ನಷ್ಟು ಹರಡಲು ಮತ್ತೆ 5 ಲಕ್ಷ ಹಾಕಿದರೆ ಸಿಗದ ಸರಕಿನ ಹೆಸರು ಇನ್ನಷ್ಟು ಮನೆಗಳಿಗೆ ತಿಳಿಯುತ್ತದೆ. ಗಳಿಸಿದ ನೆನಪು ಮಾಸದಂತೆ ಆಟೋರಿಕ್ಷಾ ಫಲಕಗಳಿಗೆ ಒಂದೂವರೆ ಲಕ್ಷ ಮೀಸಲಿಟ್ಟು, ಉಳಿದ ಮೂರೂವರೆ ಲಕ್ಷವನ್ನು ವಸತಿ ಬಡಾವಣೆಗಳ ಅಂಗಡಿಗಳನ್ನು ತಲಪಲು, ಅಂದರೆ ಒಬ್ಬ ಹೆಚ್ಚುವರಿ ಮಾರಾಟಗಾರ, ವಾರಕ್ಕೆರಡು ದಿನ ಬಾಡಿಗೆಯ ಸರಕು ವಾಹನ ಮತ್ತು ಸಣ್ಣ ಪೊಟ್ಟಣಗಳಿಗೆ, ತೊಡಗಿಸುವುದು ಈ ಅಂಕಿಗಳಿಗೆ ಹೊಂದುವ ನಿರ್ಧಾರ.

ಮೂರನೆಯ ಸುತ್ತು ಆರು ತಿಂಗಳ ನಂತರ. ಅದರಲ್ಲಿ ಯಾವ ಸಾಲನ್ನು ನೋಡಬೇಕು, ಎಷ್ಟು ಬಂದರೆ ಯಶಸ್ಸೆನ್ನಬೇಕು ಎಂಬುದನ್ನು ಈಗಲೇ ಬರೆದಿಡಬೇಕು. ಇಲ್ಲಿ ನೋಡಬೇಕಾದದ್ದು ಕೊಂಡವರ ಸಾಲು. 200ಕ್ಕೆ 21 ಇರುವ ಅದು ಕನಿಷ್ಠ 41ಕ್ಕೆ ಏರಿದರೆ ಹತ್ತು ಅಂಶದ ಗಡಿ ದಾಟುತ್ತದೆ, ವಿತರಣೆಗೆ ಹಾಕಿದ ಹಣವನ್ನು ಮುಂದುವರಿಸಬಹುದು. ಅಂಗಡಿಗಳ ಎಣಿಕೆ 15ರಿಂದ 40ಕ್ಕೆ ಏರಿಯೂ ಕೊಂಡವರು ಏರದಿದ್ದರೆ ತೊಂದರೆ ಪುಡಿಯ ರುಚಿಯಲ್ಲಿ ಅಥವಾ ಬೆಲೆಯಲ್ಲಿದೆ. ಆಗ ಈ ಬಗೆಯ ಸಮೀಕ್ಷೆ ಸಾಲದು, ಪುಡಿಯನ್ನು ಅಡುಗೆಗೆ ಕೊಟ್ಟು ಅಭಿಪ್ರಾಯ ಕೇಳಬೇಕಾಗುತ್ತದೆ. ಗುರಿಯನ್ನು ಮೊದಲೇ ಬರೆದಿಡದಿದ್ದರೆ, ಬಂದ ಅಂಕಿಗಳಲ್ಲಿ ಏರಿದ ಯಾವುದೋ ಒಂದನ್ನು ಹಿಡಿದು ಸಮಾಧಾನಪಡುವ ಅಪಾಯವಿದೆ.

ಈ ವಿಧಾನ ಮನೆಮನೆಗೆ ಹೋಗುವ ಸರಕುಗಳಿಗೆ ಹೇಳಿದ್ದು. ಯಂತ್ರಭಾಗ ತಯಾರಿಸಿ ಎಂಬತ್ತು ಕಾರ್ಖಾನೆಗಳಿಗೆ ಮಾರುವವರಿಗೆ ಚೀಟಿ ಎತ್ತುವ ಅಗತ್ಯವಿಲ್ಲ. ಎಂಬತ್ತು ಕಾರ್ಖಾನೆಗಳ ಖರೀದಿ ವಿಭಾಗಗಳಿಗೂ ದೂರವಾಣಿ ಮಾಡಬಹುದು. ಅಲ್ಲಿಯೂ ನೆನಪಿನ ಪ್ರಶ್ನೆ ಮೊದಲು, ಪಟ್ಟಿ ನಂತರ. ಪಟ್ಟಿಯಲ್ಲಿ ಒಂದು ಕಲ್ಪಿತ ಹೆಸರು ಇರಲೇಬೇಕು. ಕೇಳಿದ ನಮೂನೆಗಳು, ಮತಗಟ್ಟೆಗಳ ಪಟ್ಟಿ ಮತ್ತು ಸಮೀಕ್ಷಕರಿಗೆ ಕೊಟ್ಟ ಸೂಚನೆಯ ಪ್ರತಿಯನ್ನು ಆ ವರ್ಷದ ಜಾಹೀರಾತು ವೋಚರುಗಳ ಜೊತೆಯಲ್ಲಿಯೇ ಕಡತ ಮಾಡಿಡುವುದು ಒಳಿತು. ಮುಂದಿನ ಸುತ್ತನ್ನು ಬೇರೆ ಯಾರೇ ನಡೆಸಿದರೂ ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಕೇಳಲು ಆಗ ಸಾಧ್ಯವಾಗುತ್ತದೆ.